4ಕೆ 120 ಹರ್ಟ್ಸ್ ಬರುತ್ತಿರಲಿಲ್ಲ: ಒಂದೊಂದೇ ಕೊಂಡಿ ಬಿಚ್ಚಿ ನೋಡಿದ ಕಥೆ

ಟಿವಿ ಹೊಸದು. ಪೆಟ್ಟಿಗೆಯ ಮೇಲೆ 4ಕೆ, 120 ಹರ್ಟ್ಸ್, ವಿಆರ್‌ಆರ್ ಅಂತ ದೊಡ್ಡದಾಗಿ ಬರೆದಿತ್ತು. ಕನ್ಸೋಲ್ ಪಿಎಸ್5. ಆಟದಲ್ಲೂ 120 ಫ್ರೇಮ್‌ಗಳ ಮೋಡ್ ಇದೆ. ಆದರೂ ಕನ್ಸೋಲಿನ ಸೆಟ್ಟಿಂಗ್ಸ್‌ನಲ್ಲಿ 120 ಹರ್ಟ್ಸ್‌ಗೆ ಬೆಂಬಲವಿಲ್ಲ ಅಂತಲೇ ತೋರಿಸುತ್ತಿತ್ತು. ನನ್ನ ತಮ್ಮ ನೋಡಿದವನೇ, "ಅಣ್ಣಾ, ಕೇಬಲ್ ಸರಿ ಇಲ್ಲ, ಹೊಸದು ತಗೋ" ಅಂದ. ಅವನು ಹೇಳಿದ್ದು ಅರ್ಧ ನಿಜವಾಗಿತ್ತು. ಆದರೆ ಅವತ್ತೇ ಹೊಸ ಕೇಬಲ್ ತಂದು ಹಾಕಿದ್ದರೂ ಆ ಆಯ್ಕೆ ಬರುತ್ತಿರಲಿಲ್ಲ. ಯಾಕೆ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಜೋಡಣೆ ಹೇಗಿತ್ತು ಅಂತ ಹೇಳುತ್ತೇನೆ. ಕನ್ಸೋಲ್ ಟಿವಿಯ ಪಕ್ಕದ ಕಪಾಟಿನಲ್ಲಿತ್ತು. ಅಲ್ಲಿಂದ ಸುಮಾರು 3 ಮೀಟರಿನ ಹಳೆಯ ಕೇಬಲ್ ಸೌಂಡ್‌ಬಾರ್‌ಗೆ ಹೋಗುತ್ತಿತ್ತು. ಸೌಂಡ್‌ಬಾರ್‌ನಿಂದ ಇನ್ನೊಂದು ಕೇಬಲ್ ಟಿವಿಗೆ. ಸದ್ದು ಸೌಂಡ್‌ಬಾರ್‌ನಲ್ಲಿ ಉಳಿದು, ಚಿತ್ರ ಮುಂದಕ್ಕೆ ಹೋಗುತ್ತಿತ್ತು. ಹಳೆಯ ಟಿವಿ ಇದ್ದಾಗ ಇದರಿಂದ ಏನೂ ತೊಂದರೆ ಇರಲಿಲ್ಲ.

ಕನ್ಸೋಲ್‌ನಲ್ಲಿ `Settings` > `Screen and Video` > `Video Output` ತೆರೆದರೆ ಈಗ ಯಾವ ಸಿಗ್ನಲ್ ಹೋಗುತ್ತಿದೆ, ಆ ಕಡೆಯ ಉಪಕರಣ ಏನೇನು ತೆಗೆದುಕೊಳ್ಳಬಲ್ಲದು ಅನ್ನೋ ವಿವರ ಸಿಗುತ್ತದೆ. ಏನೇ ಬದಲಿಸುವ ಮೊದಲು ಈ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನದರಲ್ಲಿ 3840 x 2160, 60 ಹರ್ಟ್ಸ್ ಅಂತ ಇತ್ತು. ಅಷ್ಟಕ್ಕೇ ನಿಂತಿತ್ತು.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಮುಂದಿನ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕೇಬಲ್ ಯಾವುದು ಅಂತ ಕನ್ಸೋಲ್‌ಗೆ ಕಾಣುವುದೇ ಇಲ್ಲ. ಅದು ಕೇಳೋದು ಆ ಕಡೆಯ ಉಪಕರಣವನ್ನು. ನೀನು ಯಾವ ರೆಸಲ್ಯೂಶನ್, ಎಷ್ಟು ಹರ್ಟ್ಸ್, ಎಷ್ಟು ವೇಗ ತಡೆದುಕೊಳ್ಳುತ್ತೀಯ ಅಂತ ಕೇಳುತ್ತದೆ. ಟಿವಿ ಒಂದು ಪಟ್ಟಿಯನ್ನು ಕಳುಹಿಸುತ್ತದೆ. ಅದಕ್ಕೆ ಇಡಿಐಡಿ ಅಂತ ಹೆಸರು. ಈ ಪಟ್ಟಿ ಬರೋದು ಎಚ್‌ಡಿಎಂಐ ಕೇಬಲಿನೊಳಗಿನ ಬೇರೆಯೇ ತಂತಿಗಳಲ್ಲಿ, ತುಂಬಾ ನಿಧಾನವಾಗಿ. ಚಿತ್ರ ಹೋಗುವ ವೇಗದ ಜೋಡಿ ತಂತಿಗಳಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಸಾಧಾರಣ ಕೇಬಲ್ ಇದ್ದರೂ ಪಟ್ಟಿ ಸರಿಯಾಗಿಯೇ ಬಂದು ತಲುಪುತ್ತದೆ.

ಅಂದರೆ, 120 ಹರ್ಟ್ಸ್ ಆಯ್ಕೆಯೇ ಇಲ್ಲ ಅಂತಾದರೆ ಮೊದಲು ಟಿವಿ, ಅದರ ಪೋರ್ಟ್, ನಡುವೆ ಇರುವ ಪೆಟ್ಟಿಗೆ ಇವುಗಳನ್ನು ನೋಡಬೇಕು. ಆಯ್ಕೆ ಇದೆ, ಆನ್ ಮಾಡಿದ ಮೇಲೆ ಚಿತ್ರ ಕಪ್ಪಾಗುತ್ತಿದೆ, ಚುಕ್ಕೆ ಬರುತ್ತಿದೆ, ಅಥವಾ ತಾನಾಗಿಯೇ 60ಕ್ಕೆ ಇಳಿಯುತ್ತಿದೆ ಅಂತಾದರೆ ಆಗ ಕೇಬಲ್ ಮೇಲೆ ಕಣ್ಣಿಡಬೇಕು. ನಮ್ಮದು ಮೊದಲನೆಯ ಬಗೆಯದ್ದು. ಅದಕ್ಕೇ ಕೇಬಲ್ ಅಂಗಡಿಯ ಕಡೆ ಹೋಗಲಿಲ್ಲ.

ಸೌಂಡ್‌ಬಾರ್ ಬಿಡಿಸಿದ್ದು

ಆ ಕಡೆಯ ಉಪಕರಣ ಅಂದೆನಲ್ಲ, ನನ್ನ ಜೋಡಣೆಯಲ್ಲಿ ಅದು ಟಿವಿ ಆಗಿರಲಿಲ್ಲ. ಸೌಂಡ್‌ಬಾರ್ ಆಗಿತ್ತು. ಅದರೊಳಗಿನ ಎಚ್‌ಡಿಎಂಐ ಹಳೆಯ 2.0 ತಲೆಮಾರಿನದು. ಟಿವಿ ತನ್ನ ಪಟ್ಟಿಯಲ್ಲಿ ಏನೇ ಬರೆದು ಕಳುಹಿಸಲಿ, ಸೌಂಡ್‌ಬಾರ್ ತನ್ನಿಂದ ಆಗದಿದ್ದನ್ನು ತೆಗೆದುಹಾಕಿ ಉಳಿದದ್ದನ್ನು ಮಾತ್ರ ಕನ್ಸೋಲ್‌ಗೆ ತೋರಿಸುತ್ತದೆ. ಅದು ಹಾಗೆ ಮಾಡಲೇಬೇಕು. ಇಲ್ಲದಿದ್ದರೆ ಕನ್ಸೋಲ್ ಕಳುಹಿಸಿದ್ದನ್ನು ಅದು ದಾಟಿಸಲಾರದು.

ಆದ್ದರಿಂದ ಕನ್ಸೋಲನ್ನು ನೇರವಾಗಿ ಟಿವಿಗೆ ಹಾಕಿದೆ. ಸೌಂಡ್‌ಬಾರನ್ನು ಟಿವಿಯ ಇ-ಆರ್ಕ್ ಪೋರ್ಟಿನಲ್ಲೇ ಬಿಟ್ಟೆ. ಈಗ ಸದ್ದು ಕನ್ಸೋಲ್‌ನಿಂದ ಟಿವಿಗೆ ಬಂದು, ಅಲ್ಲಿಂದ ಸೌಂಡ್‌ಬಾರ್‌ಗೆ ವಾಪಸ್ ಹೋಗುತ್ತದೆ. ಟಿವಿಯ ಸದ್ದಿನ ಸೆಟ್ಟಿಂಗ್ಸ್‌ನಲ್ಲಿ ಇ-ಆರ್ಕ್ ಆನ್ ಮಾಡಿ, ಸದ್ದನ್ನು ಬದಲಿಸದೆ ಹಾಗೇ ದಾಟಿಸುವ ಪಾಸ್‌ಥ್ರೂ ಆಯ್ಕೆ ಹಾಕಿದೆ. ಅಷ್ಟೇ ಸಾಕಾಯಿತು.

ಯಾವ ಪೋರ್ಟ್ ಅನ್ನೋದು ಇಲ್ಲಿ ಮುಖ್ಯ. ನನ್ನ ಟಿವಿಯ ಹಿಂದೆ ನಾಲ್ಕು ಪೋರ್ಟ್‌ಗಳಿವೆ. ಅದರಲ್ಲಿ ಎರಡಕ್ಕೆ ಮಾತ್ರ `4K 120Hz` ಅಂತ ಸಣ್ಣ ಅಕ್ಷರದಲ್ಲಿ ಬರೆದಿದೆ: ಮೂರು ಮತ್ತು ನಾಲ್ಕು. ಮೂರನೆಯದೇ ಇ-ಆರ್ಕ್ ಪೋರ್ಟ್. ಅಂದರೆ ಸೌಂಡ್‌ಬಾರ್ ಒಂದು ಒಳ್ಳೆಯ ಪೋರ್ಟನ್ನು ತಿಂದುಬಿಟ್ಟಿದೆ, ಕನ್ಸೋಲ್‌ಗೆ ಉಳಿದದ್ದು ನಾಲ್ಕನೆಯದು ಒಂದೇ. ಇದು ನನ್ನ ಟಿವಿಯ ಕಥೆ ಮಾತ್ರ ಅಲ್ಲ, ಇಂಥ ಹಂಚಿಕೆ ಬಹಳ ಟಿವಿಗಳಲ್ಲಿದೆ. ಎರಡು ಕನ್ಸೋಲ್ ಇಟ್ಟುಕೊಳ್ಳುವವರು ಟಿವಿ ಕೊಳ್ಳುವ ಮೊದಲೇ ಎಷ್ಟು ಪೋರ್ಟಿಗೆ ಈ ಶಕ್ತಿ ಇದೆ, ಇ-ಆರ್ಕ್ ಯಾವುದರಲ್ಲಿದೆ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಪೆಟ್ಟಿಗೆಯ ಮೇಲೆ `HDMI 2.1` ಅಂತ ಬರೆದಿರೋದರಿಂದ ಇದು ಗೊತ್ತಾಗುವುದಿಲ್ಲ. ಆ ಹೆಸರಿನ ಅಡಿಯಲ್ಲಿ ಬರುವ 120 ಹರ್ಟ್ಸ್, ವಿಆರ್‌ಆರ್, ಇ-ಆರ್ಕ್ ಎಲ್ಲವೂ ಐಚ್ಛಿಕ. ಎಲ್ಲ ಇರಲೇಬೇಕು ಅಂತ ಕಡ್ಡಾಯವಿಲ್ಲ.

ನಾಲ್ಕನೇ ಪೋರ್ಟಿಗೆ ಹಾಕಿ ಮತ್ತೆ ಅದೇ ಪುಟ ತೆರೆದೆ. ಇನ್ನೂ 60.

ಪೋರ್ಟಿಗೂ ಒಂದು ಸ್ವಿಚ್ ಇದೆ

ತುಂಬಾ ಜನ ನಿಲ್ಲೋದು ಇಲ್ಲೇ. ಪೋರ್ಟಿಗೆ ಶಕ್ತಿ ಇದ್ದರೂ, ಪೂರ್ಣ ವೇಗ ಪೆಟ್ಟಿಗೆಯಿಂದ ತೆಗೆದಾಗ ಆಫ್ ಆಗಿರಬಹುದು. ಹಳೆಯ ಡಿಸ್ಕ್ ಪ್ಲೇಯರ್‌ಗಳು, ಸೆಟ್‌ಟಾಪ್ ಬಾಕ್ಸ್‌ಗಳು ಉದ್ದನೆಯ ಹೊಸ ಪಟ್ಟಿ ನೋಡಿ ಗಲಿಬಿಲಿಯಾಗಬಾರದು ಅಂತ ಟಿವಿ ಚಿಕ್ಕ ಪಟ್ಟಿಯನ್ನೇ ಕಳುಹಿಸುತ್ತಿರುತ್ತದೆ. ನಾವೇ ಹೋಗಿ ಆ ಒಂದು ಪೋರ್ಟಿಗೆ ಬದಲಿಸಬೇಕು.

ಕಷ್ಟ ಏನಂದರೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಎಲ್‌ಜಿಯಲ್ಲಿ `HDMI Deep Colour`, ಸ್ಯಾಮ್‌ಸಂಗ್‌ನಲ್ಲಿ `Input Signal Plus`, ಸೋನಿಯಲ್ಲಿ `HDMI signal format`, ಅದರೊಳಗೆ `Enhanced format` ಹೆಸರಿನ ಆಯ್ಕೆಗಳು. ಹೆಸರು ನೋಡಿದರೆ ಬಣ್ಣದ ವಿಷಯ ಅನ್ನಿಸಬಹುದು, ಆದರೆ ಇದು ಪೋರ್ಟಿನ ವೇಗದ ಬಾಗಿಲು. ಎಷ್ಟೋ ಟಿವಿಗಳಲ್ಲಿ ಇದು ಚಿತ್ರದ ಸೆಟ್ಟಿಂಗ್ಸ್‌ನಲ್ಲಿ ಇರದೆ, ಇನ್‌ಪುಟ್ ಅಥವಾ ಹೊರಗಿನ ಉಪಕರಣಗಳ ಪಟ್ಟಿಯಲ್ಲಿ ಅಡಗಿರುತ್ತದೆ.

ನಾಲ್ಕನೇ ಪೋರ್ಟಿಗೆ ಮಾತ್ರ ಬದಲಿಸಿದೆ. ಪರದೆ ಎರಡು ಮೂರು ಸೆಕೆಂಡು ಕಪ್ಪಾಗಿ ವಾಪಸ್ ಬಂತು. ಕನ್ಸೋಲ್ ಹೊಸ ಪಟ್ಟಿಯನ್ನು ಓದಿಕೊಂಡ ಗುರುತು ಅದು. ಹಾಗೆ ಆಗದಿದ್ದರೆ ಕೇಬಲನ್ನು ಒಮ್ಮೆ ಕಿತ್ತು ಹಾಕಿ. ಈಗ ಪುಟದಲ್ಲಿ 120 ಹರ್ಟ್ಸ್ ಬಂದಿತ್ತು. `Enable 120 Hz Output` ಅನ್ನು `Automatic` ಮಾಡಿದೆ.

ಹಳೆಯ ಕೇಬಲ್ ಸೋತ ಬಗೆ

ಆಟ ಶುರು ಮಾಡಿದೆ. ಆಟದೊಳಗೂ ಪರ್ಫಾರ್ಮೆನ್ಸ್ ಮೋಡ್ ಆರಿಸಬೇಕು, ಬರೀ ಕನ್ಸೋಲ್‌ನಲ್ಲಿ ಆನ್ ಮಾಡಿದರೆ ಸಾಲದು. ಚಿತ್ರ ಬಂತು. ನುಣ್ಣಗೆ ಓಡುತ್ತಿತ್ತು. ಎರಡು ನಿಮಿಷ ಆಗಿರಬಹುದು, ಪರದೆ ಪೂರ್ತಿ ಕಪ್ಪಾಗಿ ಒಂದು ಸೆಕೆಂಡಿನಲ್ಲಿ ಮರಳಿತು. ಮತ್ತೆ ಸ್ವಲ್ಪ ಹೊತ್ತಿಗೆ ಹಾಗೇ ಆಯಿತು. ಕತ್ತಲೆಯ ದೃಶ್ಯದಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿಂಚಿ ಹೋಗುತ್ತಿದ್ದವು.

ಈ ಲಕ್ಷಣ ನೋಡಿದರೆ ಅನುಮಾನವೇ ಬೇಡ, ವೇಗ ತಡೆಯಲಾಗದ ತಂತಿಯ ಗುರುತು ಇದು. ಡಿಜಿಟಲ್ ಸಿಗ್ನಲ್‌ನಲ್ಲಿ ಚಿತ್ರ ಸ್ವಲ್ಪ ಮಸುಕು, ಬಣ್ಣ ಸ್ವಲ್ಪ ಡಲ್ ಅನ್ನೋದೆಲ್ಲ ಕೇಬಲಿನಿಂದ ಆಗುವುದಿಲ್ಲ. ಬಿಟ್‌ಗಳು ತಪ್ಪಿದಲ್ಲಿ ಚುಕ್ಕೆ ಕಾಣುತ್ತದೆ, ತಪ್ಪು ಜಾಸ್ತಿಯಾದರೆ ಟಿವಿ ಹಿಡಿತ ಕಳೆದುಕೊಂಡು ಕಪ್ಪಾಗುತ್ತದೆ. ಕೇಬಲ್ ಬದಲಿಸಿದರೆ ಬಣ್ಣ ಚೆನ್ನಾಗಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎಷ್ಟು ಹೊರೆ ಬಿತ್ತು ಅಂತ ಲೆಕ್ಕ ಹಾಕಿದರೆ ಕಾರಣ ಕಣ್ಣಿಗೆ ಕಾಣುತ್ತದೆ. 4ಕೆ ಚಿತ್ರ ಅಂದರೆ ಕಾಣುವ ಪಿಕ್ಸೆಲ್‌ಗಳ ಸುತ್ತ ಕಾಣದ ಅಂಚೂ ಸೇರಿ 4400 x 2250. ಪ್ರತಿ ಪಿಕ್ಸೆಲ್‌ಗೆ 24 ಬಿಟ್ ಅಂತ ಇಟ್ಟುಕೊಂಡರೆ:

```
4400 x 2250 x  60 x 24 = 14.26 Gbps
4400 x 2250 x 120 x 24 = 28.51 Gbps
```

ತಂತಿಯ ಮೇಲೆ ಕಳುಹಿಸುವಾಗ ಇದಕ್ಕೆ ಕೋಡಿಂಗ್‌ನ ಬಿಟ್‌ಗಳೂ ಸೇರುತ್ತವೆ. 60 ಹರ್ಟ್ಸ್‌ನದು ಸುಮಾರು 17.8ಕ್ಕೆ ಏರುತ್ತದೆ. ಎಚ್‌ಡಿಎಂಐ 2.0ರ ಮಿತಿ 18 ಗಿಗಾಬಿಟ್. ಅಂದರೆ 4ಕೆ 60ಕ್ಕೇ ಹಳೆಯ ದಾರಿ ತುಂಬಿಹೋಗಿತ್ತು. 120 ಹರ್ಟ್ಸ್‌ನದು ಸುಮಾರು 32 ಆಗುತ್ತದೆ. ನನ್ನ ಕೇಬಲಿನ ಮೈಮೇಲೆ `High Speed` ಅಂತ ಮಾತ್ರ ಬರೆದಿತ್ತು. ಅದರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಅದಕ್ಕೆ ಈ ಕೆಲಸ ಹೇಳಿಯೇ ಇರಲಿಲ್ಲ.

ಬೇರೆ ಕೇಬಲ್ ಕೈಯಲ್ಲಿಲ್ಲದಿದ್ದರೂ ಇದನ್ನು ಖಚಿತ ಮಾಡಿಕೊಳ್ಳುವ ದಾರಿ ಇದೆ. ಕನ್ಸೋಲಿನ ರೆಸಲ್ಯೂಶನ್ ಅನ್ನು 1080p ಮಾಡಿ, 120 ಹರ್ಟ್ಸ್ ಹಾಗೇ ಇರಲಿ. ಪಿಕ್ಸೆಲ್ ಕಾಲು ಭಾಗಕ್ಕೆ ಇಳಿಯುವುದರಿಂದ ಹೊರೆಯೂ ಇಳಿಯುತ್ತದೆ. ನಾನು ಹಾಗೆ ಮಾಡಿ ಅರ್ಧ ಗಂಟೆ ಆಡಿದೆ. ಒಮ್ಮೆಯೂ ಕಪ್ಪಾಗಲಿಲ್ಲ. ಟಿವಿ, ಪೋರ್ಟ್, ಕನ್ಸೋಲ್ ಮೂರೂ 120ಕ್ಕೆ ಸರಿಯಾಗಿವೆ, ಕಡಿಮೆ ಹೊರೆ ಇದ್ದರೆ ಕೇಬಲೂ ನಡೆಸುತ್ತದೆ ಅಂತಾಯಿತು.

ಆಮೇಲೆ ಕನ್ಸೋಲ್ ಜೊತೆ ಬಂದಿದ್ದ ಕೇಬಲನ್ನು ಹುಡುಕಿ ತೆಗೆದೆ. ಪಿಎಸ್5 ಪೆಟ್ಟಿಗೆಯಲ್ಲಿ ಬರುವುದು ಪೂರ್ಣ ವೇಗದ ಕೇಬಲ್ಲೇ, ಆದರೆ ಗಿಡ್ಡ. ಕಪಾಟಿಗೆ ಮುಟ್ಟೋದಿಲ್ಲ ಅಂತ ಮೊದಲ ದಿನವೇ ಪಕ್ಕಕ್ಕಿಟ್ಟಿದ್ದೆ. ಈಗ ಕನ್ಸೋಲನ್ನೇ ಟಿವಿ ಮುಂದೆ ನೆಲದ ಮೇಲಿಟ್ಟು 4ಕೆ 120ರಲ್ಲಿ ಒಂದು ಗಂಟೆ ಓಡಿಸಿದೆ. ಚುಕ್ಕೆಯೂ ಇಲ್ಲ, ಕತ್ತಲೂ ಇಲ್ಲ.

ಉದ್ದದ ಕೇಬಲ್ ಆರಿಸಿದ್ದು

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಗೋಡೆಯ ಅಂಚಿನಲ್ಲಿ ನೀಟಾಗಿ ಎಳೆಯೋಣ ಅಂತ 5 ಮೀಟರಿನದು ತಂದೆ. ಅದರ ಮೇಲೆ `8K`, `2.1` ಎಲ್ಲ ಬರೆದಿತ್ತು. ಹಾಕಿದ ಮೇಲೆ ಚಿತ್ರವೇ ಬರಲಿಲ್ಲ. ಕನ್ಸೋಲ್ ಪೂರ್ತಿ ಆಫ್ ಮಾಡಿ ಆನ್ ಮಾಡಿದರೂ ಕಪ್ಪು ಪರದೆ.

ಇಂಥ ಹೊತ್ತಿನಲ್ಲಿ ಸೇಫ್ ಮೋಡ್ ಕೈಹಿಡಿಯುತ್ತದೆ. ಕನ್ಸೋಲ್ ಆಫ್ ಇದ್ದಾಗ ಪವರ್ ಬಟನ್ ಒತ್ತಿ ಹಿಡಿಯಬೇಕು. ಒತ್ತಿದ ಕೂಡಲೇ ಒಂದು ಬೀಪ್, ಸುಮಾರು ಏಳು ಸೆಕೆಂಡಿಗೆ ಇನ್ನೊಂದು. ಎರಡನೆಯದು ಕೇಳಿದ ಮೇಲೆ ಬಿಡಿ. ಕಂಟ್ರೋಲರನ್ನು ಯುಎಸ್‌ಬಿ ತಂತಿಯಿಂದಲೇ ಜೋಡಿಸಬೇಕು. ಈ ಮೋಡ್ ಕಡಿಮೆ ರೆಸಲ್ಯೂಶನ್‌ನಲ್ಲಿ ಬರುವುದರಿಂದ ಕೆಟ್ಟ ಕೇಬಲಿನಲ್ಲೂ ಕಾಣುತ್ತದೆ. ಅಲ್ಲಿ `Change Video Output` ಒಳಗೆ ಹೋಗಿ ರೆಸಲ್ಯೂಶನ್ ಇಳಿಸಿ ಹೊರಬಂದೆ.

ಆ ಕೇಬಲ್ ವಾಪಸ್ ಹೋಯಿತು. ಆಮೇಲೆ ತಿಳಿದುಕೊಂಡಿದ್ದು ಇಷ್ಟು. ಕೇಬಲಿಗೆ `2.1` ಅನ್ನೋ ದರ್ಜೆಯೇ ಇಲ್ಲ. ಅದು ಎಚ್‌ಡಿಎಂಐ ನಿಯಮಾವಳಿಯ ಸಂಖ್ಯೆ. ಕೇಬಲಿನ ದರ್ಜೆಗಳಿಗೆ ಬೇರೆ ಹೆಸರುಗಳಿವೆ. 18 ಗಿಗಾಬಿಟ್‌ಗೆ ಪರೀಕ್ಷಿಸಿದ್ದು `Premium High Speed`, 48ಕ್ಕೆ ಪರೀಕ್ಷಿಸಿದ್ದು `Ultra High Speed`. ನಮಗೆ ಬೇಕಾದ್ದು ಎರಡನೆಯದು. ಕೇಬಲಿನ ಹೊದಿಕೆಯ ಮೇಲೆ ಈ ಹೆಸರು ಅಚ್ಚಾಗಿರಬೇಕು. ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರದ ಲೇಬಲ್ ಇರಬೇಕು. ಅದನ್ನು `HDMI Cable Certification` ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಬ್ರಾಂಡ್, ಮಾದರಿ, ಯಾವ ಉದ್ದಕ್ಕೆ ಪಾಸಾಗಿದೆ ಅನ್ನೋದು ಬರುತ್ತದೆ. ಉದ್ದವನ್ನು ಗಮನಿಸಿ ನೋಡಿ. ಅದೇ ಕಂಪನಿಯ 2 ಮೀಟರ್ ಪಾಸಾಗಿದೆ ಅಂದರೆ 5 ಮೀಟರೂ ಪಾಸಾಗಿದೆ ಅಂತ ಅರ್ಥ ಅಲ್ಲ, ಅಲ್ವಾ. ತಾಮ್ರದಲ್ಲಿ ಉದ್ದ ಹೆಚ್ಚಿದಷ್ಟೂ ಸಿಗ್ನಲ್ ಸವೆಯುತ್ತದೆ.

ನಾನು ದಾರಿಯನ್ನು ದಾರದಿಂದ ಅಳೆದೆ. ನೇರವಾಗಿ ಎಳೆದರೆ 2.4 ಮೀಟರ್ ಸಾಕಿತ್ತು. 3 ಮೀಟರಿನದು ತಂದು, ಲೇಬಲ್ ಸ್ಕ್ಯಾನ್ ಮಾಡಿ, ಹಾಕಿದೆ. ಕಪಾಟಿನಿಂದಲೇ 4ಕೆ 120 ಬಂತು. ಇಡೀ ಸಂಜೆ ಆಡಿದರೂ ಒಮ್ಮೆಯೂ ಕಪ್ಪಾಗಲಿಲ್ಲ. ಈ ಕೇಬಲ್ ದಪ್ಪ, ಗಡುಸು. ಟಿವಿ ಗೋಡೆಗೆ ಅಂಟಿದ ಹಾಗಿದ್ದರೆ ಕನೆಕ್ಟರ್ ಹತ್ತಿರ ಮಡಿಚಬೇಡಿ, ಅಗಲವಾದ ಬಳುಕು ಕೊಡಿ.

ಇನ್ನೂ ದೂರ ಹೋಗಬೇಕಾದವರಿಗೆ ಒಳಗೆ ಗಾಜಿನ ಎಳೆ ಇರುವ ಆಪ್ಟಿಕಲ್ ಕೇಬಲ್ ಸಿಗುತ್ತದೆ. ಅದಕ್ಕೆ ದಿಕ್ಕಿದೆ. `Source` ಅಂತ ಇರುವ ತುದಿ ಕನ್ಸೋಲ್‌ಗೆ, `Display` ಅಂತ ಇರುವುದು ಟಿವಿಗೆ. ಗೋಡೆಯೊಳಗೆ ಎಳೆಯುವ ಮೊದಲು ಇದನ್ನು ನೋಡಿಕೊಳ್ಳಿ.

ಪುಟದಲ್ಲಿ ಬಣ್ಣದ ಸಾಲಿನಲ್ಲಿ `YUV422` ಅಂತ ಇತ್ತು. 60 ಹರ್ಟ್ಸ್‌ನಲ್ಲಿ `RGB` ಇದ್ದದ್ದು ಇಲ್ಲಿ ಯಾಕೆ ಬದಲಾಯಿತು ಅಂತ ಸ್ವಲ್ಪ ಹೊತ್ತು ತಲೆ ಕೆಡಿಸಿಕೊಂಡೆ. ಅದು ಕೇಬಲಿನ ದೋಷವಲ್ಲ. ಪಿಎಸ್5 ಕಳುಹಿಸುವ ಗರಿಷ್ಠ ವೇಗ 32 ಗಿಗಾಬಿಟ್. 10 ಬಿಟ್ ಎಚ್‌ಡಿಆರ್ ಅನ್ನು ಪೂರ್ಣ ಬಣ್ಣದಲ್ಲಿ 4ಕೆ 120ರಲ್ಲಿ ಕಳುಹಿಸಲು ಸುಮಾರು 40 ಬೇಕು. ಅದಕ್ಕೇ ಬಣ್ಣದ ವಿವರವನ್ನು ಅಡ್ಡಕ್ಕೆ ಅರ್ಧ ಮಾಡಿ ಕಳುಹಿಸುತ್ತದೆ. ಸೋಫಾದಿಂದ ಕೂತು ಆಡುವಾಗ ನನಗೆ ವ್ಯತ್ಯಾಸ ಕಂಡಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 40ರವರೆಗೆ ಹೋಗುತ್ತದೆ. ಅದರಲ್ಲಿ ಇದನ್ನೆಲ್ಲ ನೋಡುವ ಪುಟದ ಹೆಸರು `4K TV details`. ಹುಡುಕುವ ಕ್ರಮ ಮಾತ್ರ ಇದೇ.

ವಿಆರ್‌ಆರ್ ಆನ್ ಮಾಡಿದ ಮೇಲೆ

ಕೊನೆಗೆ ವಿಆರ್‌ಆರ್. ಟಿವಿ ಸುಮ್ನೆ ಒಂದೇ ಲಯದಲ್ಲಿ, 8.3 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತಾ ಹೋದರೆ, ಆಟ 9 ಅಥವಾ 11 ಮಿಲಿಸೆಕೆಂಡಿಗೆ ಫ್ರೇಮ್ ಕೊಟ್ಟಾಗ ತಾಳ ತಪ್ಪುತ್ತದೆ. ವಿಆರ್‌ಆರ್‌ನಲ್ಲಿ ಟಿವಿ ಕಾಯುತ್ತದೆ. ಫ್ರೇಮ್ ಬಂದಾಗಲೇ ಬದಲಿಸುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಅಲ್ಲಿ ವಿಆರ್‌ಆರ್ ಆನ್ ಮಾಡಿ, ಆಮೇಲೆ ಕನ್ಸೋಲಿನಲ್ಲಿ `VRR` ಅನ್ನು `Automatic` ಮಾಡಬೇಕು. ಒಂದು ಕಡೆ ಮಾತ್ರ ಆನ್ ಆಗಿದ್ದರೆ ಕೆಲಸ ಮಾಡುವುದಿಲ್ಲ.

ಆನ್ ಆಗಿದೆಯಾ ಅಂತ ತಿಳಿಯಲು ಟಿವಿಯ ಗೇಮ್ ಪಟ್ಟಿಯಲ್ಲಿ ಹರ್ಟ್ಸ್ ಸಂಖ್ಯೆ ನೋಡಿ. ನನ್ನದರಲ್ಲಿ ಅದು 120ರಲ್ಲಿ ಗಟ್ಟಿಯಾಗಿ ನಿಲ್ಲದೆ 94, 101, 88 ಅಂತ ಓಡಾಡುತ್ತಿತ್ತು. ಓಡಾಡಬೇಕು. ನಿಂತಿದ್ದರೆ ಆನ್ ಆಗಿಲ್ಲ, ಇಲ್ಲವೇ ಆ ಆಟಕ್ಕೆ ಬೆಂಬಲವಿಲ್ಲ. ಬೆಂಬಲ ಇಲ್ಲದ ಆಟಗಳಿಗೂ ಹಚ್ಚುವ `Apply to Unsupported Games` ಅನ್ನೋ ಆಯ್ಕೆ ಕನ್ಸೋಲಿನಲ್ಲಿದೆ. ಹಾಕಿ ನೋಡಿ, ಚಿತ್ರ ಕೆಟ್ಟರೆ ತೆಗೆಯಿರಿ.

ಪಿಎಸ್5ನಲ್ಲಿ ಇದು 48ರಿಂದ 120 ಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. 60ಕ್ಕೆ ಗುರಿಯಿಟ್ಟು ಆಗಾಗ 52ಕ್ಕೆ ಬೀಳುವ ಆಟಕ್ಕೆ ಇದರಿಂದ ತುಂಬಾ ಲಾಭ. 30ರಲ್ಲಿ ಕಟ್ಟಿಹಾಕಿದ ಆಟಕ್ಕೆ ಹೆಚ್ಚಿನದೇನೂ ಸಿಗುವುದಿಲ್ಲ. ಕೆಲವು ಆಟಗಳಲ್ಲಿ 40 ಫ್ರೇಮ್‌ಗಳ ಮೋಡ್ ಇರುತ್ತದೆ. 120 ಅನ್ನು 40ರಿಂದ ಭಾಗಿಸಿದರೆ ಸರಿಯಾಗಿ 3, ಹಾಗಾಗಿ ಪ್ರತಿ ಫ್ರೇಮ್ ಮೂರು ಸಲ ಸಮನಾಗಿ ಕೂರುತ್ತದೆ. 60 ಹರ್ಟ್ಸ್ ಸಿಗ್ನಲ್‌ನಲ್ಲಿ ಇದು ಹೀಗೆ ಕೂರುವುದಿಲ್ಲ. ಕಥೆಯ ಆಟಗಳಿಗೆ ನನಗೆ ತುಂಬಾ ಇಷ್ಟವಾದ ಮೋಡ್ ಇದು.

ಒಂದು ತೊಂದರೆ ಉಳಿಯಿತು. ಗುಹೆಯಂಥ ಕತ್ತಲೆ ದೃಶ್ಯಗಳಲ್ಲಿ, ಆಟ ಲೋಡ್ ಆಗುವಾಗ, ಪರದೆಯ ಕಪ್ಪು ಭಾಗ ಮೆಲ್ಲಗೆ ಮಿಣುಕುತ್ತಿತ್ತು. ಮತ್ತೆ ಕೇಬಲ್ಲೇ ಅಂತ ಅನ್ನಿಸಿತು. ಆದರೆ ಚುಕ್ಕೆಗಳಿಲ್ಲ, ಚಿತ್ರ ಹೋಗುತ್ತಿಲ್ಲ. ವಿಆರ್‌ಆರ್ ಆಫ್ ಮಾಡಿದ ಕೂಡಲೇ ಮಿಣುಕು ನಿಂತಿತು, 120 ಹಾಗೇ ಇತ್ತು. ಅಂದರೆ ಇದು ಪ್ಯಾನೆಲ್‌ನ ಗುಣ. ನನ್ನದು ಓಎಲ್‌ಇಡಿ. ರಿಫ್ರೆಶ್ ವೇಗ ಏರಿಳಿದಾಗ ಕಡುಗಪ್ಪಿನ ಹತ್ತಿರದ ಬೆಳಕು ಸ್ವಲ್ಪ ಬದಲಾಗುತ್ತದೆ. ಫ್ರೇಮ್ ವೇಗ ತುಂಬಾ ಹಾರುವ ಕಡೆ ಅದು ಕಣ್ಣಿಗೆ ಬೀಳುತ್ತದೆ. ಯಾವ ಕೇಬಲಿನಿಂದಲೂ ಇದು ಹೋಗದು. ಆ ಒಂದು ಆಟಕ್ಕೆ ವಿಆರ್‌ಆರ್ ಆಫ್ ಮಾಡಿ ಆಡುತ್ತೇನೆ, ಉಳಿದವಕ್ಕೆ ಆನ್.

ತಿಂಗಳಾದ ಮೇಲೆ ಟಿವಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬಂತು. ಮರುದಿನ ತಮ್ಮ ಕೂಗಿದ: "ಅಣ್ಣಾ, 120 ಮತ್ತೆ ಹೋಯ್ತು. ಕೇಬಲ್ ಕಿತ್ತು ನೋಡಲಾ?" ಪುಟ ತೆರೆದು ನೋಡು, ಆಯ್ಕೆ ಇದೆಯಾ ಅಂದೆ. ಇಲ್ಲ ಅಂದ. ಹಾಗಾದರೆ ಕೇಬಲ್ ಮುಟ್ಟಬೇಡ, ಟಿವಿಯಲ್ಲಿ ನಾಲ್ಕನೇ ಪೋರ್ಟ್ ನೋಡು ಅಂತ ಹೇಳಿದೆ. ಅಪ್‌ಡೇಟ್ ಆದಾಗ ಪೋರ್ಟಿನ ಸ್ವಿಚ್ ಹಳೆಯ ಸ್ಥಿತಿಗೆ ಮರಳಿತ್ತು. ಅವನು ಬದಲಿಸಿದ, ಪರದೆ ಮೂರು ಸೆಕೆಂಡು ಕಪ್ಪಾಯಿತು, 120 ವಾಪಸ್ ಬಂತು.